ಕಾಯುವ ಪಟ್ಟಿಯಿಂದ ಬಂದ ಕರೆ ಮತ್ತು ಇಸ್ತಿತಾಅತ್‌ನ ಲೆಕ್ಕ

ಹಜ್ಜ್ ಯಾತ್ರೆಗೆ ಅರ್ಜಿ ಹಾಕಿದವರಲ್ಲಿ ಕುರ್ರಾದಲ್ಲಿ ಹೆಸರು ಬಂದವರ ಮನೆಗೆ ನೆಂಟರಿಷ್ಟರು ಬಂದು ಶುಭ ಹಾರೈಸುತ್ತಾರೆ. ಹೆಸರು ಬಾರದೆ ಕಾಯುವ ಪಟ್ಟಿಯಲ್ಲಿ ಉಳಿದವರ ಮನೆಗೆ ಯಾರೂ ಬರುವುದಿಲ್ಲ. ಅವರ ಬಳಿ ಒಂದು ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆಗೆ ಸರದಿ ಬರಬಹುದು, ಬಾರದಿರಲೂಬಹುದು. ಹೀಗೆ ಮೂರು ತಿಂಗಳು ಕಾದು, ಈ ವರ್ಷ ಆಗಲಿಲ್ಲವೆಂದು ಮನಸ್ಸನ್ನು ಒಪ್ಪಿಸಿಕೊಂಡ ಮೇಲೆ ಒಂದು ದಿನ ಇ-ಮೇಲ್ ಬರುತ್ತದೆ: ಸ್ಥಾನ ತೆರವಾಗಿದೆ, ನೀವು ತಾತ್ಕಾಲಿಕವಾಗಿ ಆಯ್ಕೆಯಾಗಿದ್ದೀರಿ, ಇಂತಿಷ್ಟು ಹಣವನ್ನು ಇಂತಹ ದಿನಾಂಕದೊಳಗೆ ಕಟ್ಟಬೇಕು, ಕಟ್ಟದಿದ್ದರೆ ಆಯ್ಕೆ ರದ್ದಾಗುತ್ತದೆ. ಆ ಗಡುವು ಬಹಳ ಚಿಕ್ಕದಾಗಿರುತ್ತದೆ. ಆ ಕೆಲವೇ ದಿನಗಳಲ್ಲಿ ಒಂದು ಕುಟುಂಬ ಏನನ್ನು ಲೆಕ್ಕ ಹಾಕಬೇಕು, ಶರೀಅತ್ ಅಲ್ಲಿ ಯಾವ ಪ್ರಶ್ನೆಯನ್ನು ಮುಂದಿಡುತ್ತದೆ ಎಂಬುದೇ ಈ ಲೇಖನದ ವಿಷಯ.

ಮೊದಲು ಈ ಸ್ಥಾನಗಳು ಹೇಗೆ ತೆರವಾಗುತ್ತವೆ ಎಂಬುದನ್ನು ತಿಳಿಯೋಣ. 2025ರ ಹಜ್ಜ್‌ಗೆ ಭಾರತಕ್ಕೆ ದೊರೆತ ಒಟ್ಟು ಸ್ಥಾನಗಳು 1,75,025. ಅವುಗಳಲ್ಲಿ ಶೇಕಡಾ 70ರಷ್ಟು, ಅಂದರೆ 1,22,518 ಸ್ಥಾನಗಳು ಭಾರತೀಯ ಹಜ್ ಸಮಿತಿಯ ಪಾಲಿಗೆ ಬಂದವು. ಉಳಿದವು ಖಾಸಗಿ ಸಂಘಟಕರಿಗೆ ಹೋದವು. ಸಮಿತಿಯ ಪಾಲಿನ ಸ್ಥಾನಗಳನ್ನು ರಾಜ್ಯವಾರು ಹಂಚಿ, ಅರ್ಜಿಗಳು ಹೆಚ್ಚಿದ್ದಲ್ಲಿ 2024ರ ಅಕ್ಟೋಬರ್‌ನಲ್ಲಿ ಕುರ್ರಾ, ಅಂದರೆ ಚೀಟಿ ಎತ್ತುವ ಪ್ರಕ್ರಿಯೆಯ ಮೂಲಕ ಯಾತ್ರಿಕರನ್ನು ಆರಿಸಲಾಯಿತು. ಆಯ್ಕೆಯಾದವರು ಮೊದಲ ಕಂತಾಗಿ ತಲಾ 1,30,300 ರೂಪಾಯಿ ಕಟ್ಟಬೇಕಿತ್ತು, ಅನಂತರ ಎರಡನೆಯ ಕಂತಾಗಿ 1,42,000 ರೂಪಾಯಿ. ಈ ನಡುವೆ ಕೆಲವರಿಗೆ ಹಣ ಹೊಂದುವುದಿಲ್ಲ, ಕೆಲವರ ಆರೋಗ್ಯ ಕೆಡುತ್ತದೆ, ಕೆಲವರು ಅಲ್ಲಾಹನ ಕರೆಗೆ ಓಗೊಟ್ಟು ಈ ಲೋಕವನ್ನೇ ಬಿಡುತ್ತಾರೆ. ಹೀಗೆ ತೆರವಾದ ಸ್ಥಾನಗಳಿಗೆ ಆಯಾ ರಾಜ್ಯದ ಕಾಯುವ ಪಟ್ಟಿಯಿಂದ ಕ್ರಮಸಂಖ್ಯೆಯ ಪ್ರಕಾರ ಜನರನ್ನು ಕರೆಯಲಾಗುತ್ತದೆ.

2025ರ ಜನವರಿ ಎರಡನೆಯ ವಾರದಲ್ಲಿ ಅಂತಹ ಒಂದು ಸುತ್ತೋಲೆ ಹೊರಟಿತು. ದೇಶದಾದ್ಯಂತ ತೆರವಾದ 3,676 ಸ್ಥಾನಗಳಿಗೆ ಕಾಯುವ ಪಟ್ಟಿಯವರನ್ನು ಕರೆಯಲಾಗಿತ್ತು. ಅಷ್ಟರಲ್ಲಿ ಎರಡು ಕಂತುಗಳ ಕಾಲವೂ ಕಳೆದುಹೋಗಿದ್ದರಿಂದ, ಇತರರು ಕಂತಿನಲ್ಲಿ ಕಟ್ಟಿದ್ದನ್ನು ಇವರು ಒಟ್ಟಿಗೇ ಕಟ್ಟಬೇಕಿತ್ತು. ತಲಾ 2,72,300 ರೂಪಾಯಿ, ಜನವರಿ 23ರ ಒಳಗೆ.

ನಂಜನಗೂಡಿನಲ್ಲಿ ಮಕ್ಕಳಿಗೆ ಪಾಠ ಹೇಳುವ ನಮ್ಮ ಬಳಿಗೆ ಅರ್ಜಿ, ಸುತ್ತೋಲೆಗಳನ್ನು ಓದಿಸಿಕೊಳ್ಳಲು ಸುತ್ತಲಿನವರು ಬರುವುದುಂಟು. ಆ ಜನವರಿ 11ರ ಶನಿವಾರ ಮಗ್ರಿಬ್ ನಮಾಜಿನ ನಂತರ ಒಬ್ಬ ಯುವಕ ಬಂದರು. ಅವರು ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ. ತಂದೆತಾಯಿ ತಿ. ನರಸೀಪುರದಲ್ಲಿದ್ದಾರೆ. ತಂದೆಗೆ 62 ವರ್ಷ, ತಾಯಿಗೆ 58. ಇಬ್ಬರ ಹೆಸರೂ ಒಂದೇ ಕವರಿನಲ್ಲಿತ್ತು. ಅರ್ಜಿಯಲ್ಲಿ ಮಗ ತನ್ನದೇ ಇ-ಮೇಲ್ ವಿಳಾಸ ಕೊಟ್ಟಿದ್ದರಿಂದ ಸಂದೇಶ ಅವರಿಗೆ ತಲುಪಿತ್ತು. ಆ ಕುಟುಂಬದ ಒಪ್ಪಿಗೆ ಪಡೆದು, ಹೆಸರು ಹೇಳದೆ ಅವರ ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇವೆ.

ಮೊದಲ ಕೆಲಸ, ಸಂದೇಶ ನಿಜವೇ ಎಂದು ನೋಡುವುದು. ಹಜ್ಜ್‌ನ ಹೆಸರಿನಲ್ಲಿ ಹಣ ಕೀಳುವವರೂ ಇದ್ದಾರೆ. ಇ-ಮೇಲ್‌ನಲ್ಲಿರುವ ಕೊಂಡಿಯನ್ನು ಒತ್ತದೆ, hajcommittee.gov.in ಎಂದು ನಾವೇ ಟೈಪ್ ಮಾಡಿ ತೆರೆದು, ಅಲ್ಲಿ ಸುತ್ತೋಲೆಯನ್ನು ಓದಿ, ಕವರ್ ಸಂಖ್ಯೆಯನ್ನು ಹಾಕಿ ಸ್ಥಿತಿಯನ್ನು ನೋಡಬೇಕು. ಪಟ್ಟಿಯಲ್ಲಿ ಕವರ್ ಸಂಖ್ಯೆ ಇದ್ದರೆ ಮಾತ್ರ ಆ ಇ-ಮೇಲ್‌ಗೆ ಬೆಲೆ. ಇಲ್ಲದಿದ್ದರೆ ಎಷ್ಟೇ ಮುದ್ರೆ, ಲಾಂಛನಗಳಿದ್ದರೂ ಅದಕ್ಕೆ ಬೆಲೆಯಿಲ್ಲ. ವ್ಯಕ್ತಿಯೊಬ್ಬರ ಖಾತೆಗೋ ಮೊಬೈಲ್ ಸಂಖ್ಯೆಗೋ ಹಣ ಕಳುಹಿಸಿ ಸೀಟು ಕಾಯ್ದಿರಿಸಿ ಎಂದರೆ ಅದು ಮೋಸವೆಂದೇ ತಿಳಿಯಬೇಕು. ಸಮಿತಿಗೆ ಹಣ ಹೋಗುವ ದಾರಿಗಳು ಗೊತ್ತಿರುವಂಥವು: ಸಮಿತಿಯ ಜಾಲತಾಣ ಅಥವಾ ಹಜ್ ಸುವಿಧಾ ಆ್ಯಪ್, ಇಲ್ಲವೇ ಸ್ಟೇಟ್ ಬ್ಯಾಂಕ್ ಅಥವಾ ಯೂನಿಯನ್ ಬ್ಯಾಂಕ್ ಶಾಖೆಯಲ್ಲಿ ಆ ಕವರಿಗೆಂದೇ ಕೊಟ್ಟ ಉಲ್ಲೇಖ ಸಂಖ್ಯೆಯನ್ನು ಬರೆದು ಚಲನ್ ಮೂಲಕ ಕಟ್ಟುವುದು. ಪಟ್ಟಿಯಲ್ಲಿ ಇವರ ಸಂಖ್ಯೆ ಇತ್ತು. ಸಂದೇಶ ನಿಜವಾಗಿತ್ತು.

ಎರಡನೆಯದು ದಿನಗಳ ಲೆಕ್ಕ. 23ರವರೆಗೆ ಹನ್ನೆರಡು ದಿನವಿದೆ ಎಂದು ಯುವಕ ಧೈರ್ಯದಿಂದಿದ್ದರು. ನಾವು ಕ್ಯಾಲೆಂಡರ್ ತೆಗೆದು ನೋಡಿದೆವು. ಆ ದಿನ ಎರಡನೆಯ ಶನಿವಾರ, ಬ್ಯಾಂಕ್ ಮುಚ್ಚಿತ್ತು. ಮರುದಿನ ಭಾನುವಾರ. 14ರ ಮಂಗಳವಾರ ಸಂಕ್ರಾಂತಿಯ ರಜೆ. 19 ಮತ್ತೆ ಭಾನುವಾರ. ಬ್ಯಾಂಕ್ ತೆರೆಯುವ ದಿನಗಳು ಒಂಬತ್ತು ಮಾತ್ರ ಉಳಿದವು. ಇಬ್ಬರಿಗೂ ಸೇರಿ 5,44,600 ರೂಪಾಯಿ ಆಗುತ್ತದೆ. ಅಷ್ಟು ಹಣವನ್ನು ದಿನಕ್ಕೆ ಒಂದು ಲಕ್ಷದ ಮಿತಿಯಿರುವ ಮೊಬೈಲ್ ಪಾವತಿಯಿಂದ ಒಂದೇ ಸಲಕ್ಕೆ ಕಟ್ಟಲಾಗದು. ಕೊನೆಯ ಸಂಜೆ ಮೊಬೈಲ್ ಹಿಡಿದು ಕುಳಿತು, ಮಿತಿ ಮೀರಿದೆ ಎಂಬ ಸಂದೇಶ ನೋಡಿ ಕಂಗಾಲಾಗುವುದು ಹೀಗೆಯೇ. ಇದರ ಜೊತೆಗೆ ಸರ್ಕಾರಿ ವೈದ್ಯರಿಂದ ಆರೋಗ್ಯ ತಪಾಸಣೆಯ ಪ್ರಮಾಣಪತ್ರ, ಪಾಸ್‌ಪೋರ್ಟ್‌ನ ಪ್ರತಿ, ಹಣ ಕಟ್ಟಿದ ರಸೀದಿ, ಸಹಿ ಮಾಡಿದ ಅರ್ಜಿ ಎಲ್ಲವನ್ನೂ ರಾಜ್ಯ ಹಜ್ ಸಮಿತಿಗೆ ಮುಟ್ಟಿಸಬೇಕು.

ಇಷ್ಟು ಚಿಕ್ಕ ಗಡುವು ಏಕೆ ಎಂದು ಜನರು ಕೇಳುತ್ತಾರೆ. ಸೌದಿ ಅರೇಬಿಯದೊಂದಿಗೆ ಆ ವರ್ಷದ ಹಜ್ಜ್ ಒಪ್ಪಂದಕ್ಕೆ ಜಿದ್ದಾದಲ್ಲಿ ಸಹಿ ಬಿದ್ದದ್ದು 2025ರ ಜನವರಿ 13ರಂದು. ಅದರ ನಂತರ ಮಿನಾದ ಡೇರೆಗಳು, ಮಕ್ಕಾ ಮದೀನಾಗಳ ವಸತಿ, ಸಾರಿಗೆ ಎಲ್ಲಕ್ಕೂ ಅಲ್ಲಿನ ಆಡಳಿತ ದಿನಾಂಕಗಳನ್ನು ಗೊತ್ತುಮಾಡಿರುತ್ತದೆ. ಎಷ್ಟು ಜನರು ಬರುತ್ತಾರೆ ಎಂಬುದು ಖಚಿತವಾಗದೆ ಹಣ ಕಟ್ಟಲಾಗದು, ಹಣ ಕಟ್ಟದೆ ಜಾಗ ಸಿಗದು. ಆ ದಿನಾಂಕಗಳು ತೋರಿಕೆಯವಲ್ಲ ಎಂಬುದಕ್ಕೆ ಅದೇ ವರ್ಷ ಕಹಿಯಾದ ಸಾಕ್ಷಿ ದೊರೆಯಿತು. ಖಾಸಗಿ ಸಂಘಟಕರ ಪಾಲಿನ ಒಪ್ಪಂದಗಳು ಗಡುವಿನೊಳಗೆ ಪೂರ್ಣವಾಗದ ಕಾರಣ ಮಿನಾದಲ್ಲಿ ಅವರ ಜಾಗಗಳು ರದ್ದಾದವು. ಏಪ್ರಿಲ್‌ನಲ್ಲಿ ಸರ್ಕಾರದ ಮಟ್ಟದಲ್ಲಿ ಮಾತುಕತೆ ನಡೆದ ಮೇಲೆ 10,000 ಯಾತ್ರಿಕರಿಗಷ್ಟೇ ಮತ್ತೆ ಬಾಗಿಲು ತೆರೆಯಿತು. ಹಣ ಕಟ್ಟಿ ಕಾದಿದ್ದ ಅನೇಕರು ಮನೆಯಲ್ಲೇ ಉಳಿದರು. ಆದ್ದರಿಂದ ಗಡುವನ್ನು ಯಾರೋ ಗುಮಾಸ್ತರ ಹಟವೆಂದು ತಿಳಿಯುವುದು ಸರಿಯಲ್ಲ.

ಮೂರನೆಯದೇ ಮುಖ್ಯವಾದದ್ದು, ಹಣದ ಲೆಕ್ಕ. ತಂದೆಯ ಖಾತೆಯಲ್ಲಿ 3,50,000 ರೂಪಾಯಿ ಇತ್ತು. ತವರಿನ ಜಮೀನಿನ ಪಾಲಿನಿಂದ ತಾಯಿಗೆ ಬಂದ 1,20,000 ರೂಪಾಯಿ ಅವರ ಹೆಸರಿನಲ್ಲೇ ಇತ್ತು. ಒಟ್ಟು 4,70,000. ಕಟ್ಟಬೇಕಾದದ್ದು 5,44,600. ಕೊರತೆ 74,600 ರೂಪಾಯಿ.

"ಇಷ್ಟೇ ತಾನೆ ಹಜ್ರತ್, ಬ್ಯಾಂಕಿನಲ್ಲಿ ಸಾಲ ತೆಗೆದು ನಾನು ಕಟ್ಟಿಬಿಡುತ್ತೇನೆ" ಎಂದು ಯುವಕ ಹೇಳಿದರು. "ಕರೆ ಬಂದಿದೆ, ಬಿಡುವುದು ಹೇಗೆ? ನಾಳೆ ಅಬ್ಬಾಗೆ ಏನಾದರೂ ಆದರೆ?"

ಮಗನ ಆ ಮಾತಿನಲ್ಲಿ ಪ್ರೀತಿಯಿತ್ತು, ಭಯವೂ ಇತ್ತು. ಆದರೆ ಇ-ಮೇಲ್ ಹೇಳುವುದು 23ರೊಳಗೆ ಕಟ್ಟಬೇಕಾದ ಮೊತ್ತವನ್ನು ಮಾತ್ರ. ಶರೀಅತ್ ಕೇಳುವುದು ಅದಕ್ಕಿಂತ ದೊಡ್ಡ ಲೆಕ್ಕವನ್ನು. ಕುರ್‌ಆನಿನ ಆಲು ಇಮ್ರಾನ್ ಅಧ್ಯಾಯದ 97ನೆಯ ಸೂಕ್ತವು ಹಜ್ಜನ್ನು ಅಲ್ಲಿಗೆ ಹೋಗಿ ಸೇರುವ ಸಾಮರ್ಥ್ಯವುಳ್ಳವರ ಮೇಲೆ ಕಡ್ಡಾಯಗೊಳಿಸಿದೆ. ಈ ಸಾಮರ್ಥ್ಯಕ್ಕೇ ಇಸ್ತಿತಾಅತ್ ಎನ್ನುವುದು. ನಮ್ಮ ಭಾಗದ ಬಹುಪಾಲು ಜನರು ಅನುಸರಿಸುವ ಹನಫೀ ಫಿಕ್ಹ್‌ನಲ್ಲಿ ಇದರ ಅಳತೆ ಸ್ಪಷ್ಟವಾಗಿದೆ. ವಾಸದ ಮನೆ ಮತ್ತು ಬದುಕಿಗೆ ಅಗತ್ಯವಾದ ವಸ್ತುಗಳನ್ನು ಬದಿಗಿಟ್ಟು, ಸಾಲವನ್ನು ಕಳೆದು, ಹಿಂದಿರುಗುವವರೆಗೆ ತನ್ನನ್ನು ಅವಲಂಬಿಸಿದವರ ಖರ್ಚನ್ನು ಎತ್ತಿಟ್ಟು, ಉಳಿದ ಹಣದಲ್ಲಿ ಹೋಗಿ ಬರುವ ಪೂರ್ತಿ ವೆಚ್ಚ ನಡೆಯಬೇಕು. ಒಂದು ಕಂತು ಕಟ್ಟಲು ಹಣವಿದೆ ಎಂಬುದು ಸಾಮರ್ಥ್ಯವಲ್ಲ.

ನಾವು ಒಂದು ಹಾಳೆ ತೆಗೆದುಕೊಂಡು ಹೊಸದಾಗಿ ಬರೆದೆವು. ಎರಡು ಕಂತುಗಳ ನಂತರ ಮೂರನೆಯದೊಂದು ಬರುತ್ತದೆ. ವಿಮಾನದ ದರ, ವಸತಿಯ ದರ, ರಿಯಾಲ್‌ನ ಬೆಲೆ ಗೊತ್ತಾದ ಮೇಲೆ ಅದು ನಿರ್ಧಾರವಾಗುತ್ತದೆ. ಹಿಂದೆ ಹೋಗಿ ಬಂದ ನೆಂಟರನ್ನು ಕೇಳಿ ಆ ಮನೆಯವರು ಅದನ್ನು, ಕೈಖರ್ಚನ್ನೂ ಸೇರಿಸಿ, ತಲಾ ಒಂದು ಲಕ್ಷವೆಂದು ಹಿಡಿದರು. ಆಗ ಒಟ್ಟು ಬೇಕಾದದ್ದು 7,44,600 ರೂಪಾಯಿ. ಇನ್ನು ಇರುವ ಹಣದ ಕಡೆ ನೋಡಿದರೆ, ಹಿಂದಿನ ವರ್ಷ ಮನೆಯ ಚಾವಣಿ ಹಾಕಿಸುವಾಗ ತಂದೆ ತಮ್ಮನಿಂದ 90,000 ರೂಪಾಯಿ ಕೈಸಾಲ ಪಡೆದಿದ್ದರು. ಅದನ್ನು ಕಳೆದರೆ 4,70,000ದಲ್ಲಿ 3,80,000 ಉಳಿಯುತ್ತದೆ. ನಿಜವಾದ ಕೊರತೆ 74,600 ಅಲ್ಲ, 3,64,600 ರೂಪಾಯಿ. ಇ-ಮೇಲ್ ತೋರಿಸಿದ ಹಳ್ಳವನ್ನು ಒಂದು ಜಿಗಿತದಲ್ಲಿ ದಾಟಬಹುದೆಂದು ಕಂಡಿತ್ತು. ಅದರಾಚೆ ಹೊಳೆಯೇ ಇತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಂಡಹೆಂಡಿರ ಹಣವನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವುದು ಸಂಸಾರದ ರೂಢಿ. ಫಿಕ್ಹ್‌ನಲ್ಲಿ ಇಬ್ಬರ ಸಾಮರ್ಥ್ಯವೂ ಬೇರೆ ಬೇರೆ. ಹೆಂಡತಿಯ ತವರಿನ ಪಾಲು, ಅವರ ಒಡವೆ, ಅವರ ಮಹರ್ ಎಲ್ಲವೂ ಅವರ ಸ್ವತ್ತು. ಕೊಡದೆ ಉಳಿದ ಮಹರ್ ಇದ್ದರೆ ಅದು ಗಂಡನ ಮೇಲಿನ ಸಾಲ. ಗಡುವು ಹತ್ತಿರ ಬಂದಾಗ ಮನೆಯವರ ಕಣ್ಣು ಮೊದಲು ಹೋಗುವುದು ತಾಯಿಯ ಬಳೆಗಳ ಮೇಲೆ. ಆ ಮನೆಯಲ್ಲೂ ಹಾಗೆಯೇ ಆಯಿತು. ಬಳೆಗಳನ್ನು ಗಿರವಿ ಇಟ್ಟು ಹಣ ತರೋಣ ಎಂದು ಯಾರೋ ಸೂಚಿಸಿದರು. ಆಕೆ ಸಂತೋಷದಿಂದ ಕೊಟ್ಟರೆ ಅದು ಉಡುಗೊರೆ. ಎಲ್ಲರೂ ಸುತ್ತ ಕುಳಿತು, ದಿನ ಮೀರುತ್ತಿದೆ ಎನ್ನುತ್ತಾ ಪಡೆದರೆ ಅದನ್ನು ಉಡುಗೊರೆ ಎನ್ನಲು ನಮಗೆ ಮನಸ್ಸು ಬಾರದು. ಗಿರವಿಯ ಹಣಕ್ಕಂತೂ ಬಡ್ಡಿ ಇದ್ದೇ ಇದೆ.

ಸೋಮವಾರ ನಾವು ತಿ. ನರಸೀಪುರಕ್ಕೆ ಹೋಗಿ ಆ ಹಿರಿಯರನ್ನು ಕಂಡೆವು. ಹಾಳೆಯನ್ನು ಅವರ ಮುಂದಿಟ್ಟು, ಪ್ರತಿಯೊಂದು ಸಾಲನ್ನೂ ಓದಿ ಹೇಳಿದೆವು. ಒಂದೊಂದಾಗಿ ದಾರಿಗಳನ್ನು ನೋಡಲಾಯಿತು. ತಮ್ಮನ ಸಾಲದ ವಿಷಯದಲ್ಲಿ, ಸಾಲ ಕೊಟ್ಟವರು ತಾವಾಗಿ ಕಾಲಾವಕಾಶ ಕೊಟ್ಟರೆ ಹೋಗಲು ಅಡ್ಡಿಯಿಲ್ಲ. ಕೇಳಿದಾಗ ತಮ್ಮ ಒಪ್ಪಿದರು ಕೂಡ. ಆಗಲೂ 2,74,600 ರೂಪಾಯಿ ಬೇಕು. ಮಗ ತನ್ನ ಉಳಿತಾಯದಿಂದ 40,000 ರೂಪಾಯಿಯನ್ನು ಹಿಬಾ ಆಗಿ ಕೊಡಬಲ್ಲರು. ಉಳಿದ 2,34,600ಕ್ಕೆ ಬಡ್ಡಿಯ ಸಾಲವಲ್ಲದೆ ಬೇರೆ ದಾರಿ ಕಾಣಲಿಲ್ಲ. ಹಜ್ಜ್ ಮಾಡಲು ಸಾಲ ಪಡೆಯಬೇಕೆಂದು ಶರೀಅತ್ ಯಾರನ್ನೂ ಕಡ್ಡಾಯಪಡಿಸಿಲ್ಲ. ಬಡ್ಡಿಯ ಸಾಲವಂತೂ ಸ್ವತಃ ನಿಷಿದ್ಧ. ಕಡ್ಡಾಯವಾಗದೆ ಇರುವ ಒಂದು ಆರಾಧನೆಗಾಗಿ ನಿಷಿದ್ಧವನ್ನು ಮನೆಯೊಳಗೆ ತರುವುದು ಯಾವ ಲೆಕ್ಕ?

ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಅಲ್ಲಾಹನ ಮನೆಗೆ ಬಡ್ಡಿಯ ಕಾಸಿನಲ್ಲಿ ಹೋಗಿ ಏನೆಂದು ದುಆ ಕೇಳಲಿ ಹಜ್ರತ್? ಬೇಡ, ಮುಂದಿನ ಸಲ ನೋಡೋಣ" ಎಂದರು. ತಂದೆ ಮಾತ್ರ ಕೇಳಿದರು: "ಕರೆದಾಗ ಹೋಗಲಿಲ್ಲ ಎಂಬ ಪಾಪ ನಮ್ಮ ಮೇಲೆ ಬರುವುದಿಲ್ಲವೇ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಜ್ಜನ್ನು ಬಯಸುವವರು ತಡಮಾಡಬಾರದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದು ಎಲ್ಲರಿಗೂ ಗೊತ್ತು. ಸಾಮರ್ಥ್ಯ ಬಂದ ವರ್ಷವೇ ಹೊರಡಬೇಕೆಂಬುದು ಇಮಾಮ್ ಅಬೂಹನೀಫಾ(ರ) ಮತ್ತು ಇಮಾಮ್ ಅಬೂಯೂಸುಫ್(ರ)ರ ನಿಲುವು. ಮರಣಕ್ಕೆ ಮುನ್ನ ನೆರವೇರಿಸುವ ದೃಢಸಂಕಲ್ಪವಿದ್ದರೆ ಮುಂದೂಡಬಹುದೆಂಬುದು ಇಮಾಮ್ ಮುಹಮ್ಮದ್(ರ) ಮತ್ತು ಇಮಾಮ್ ಶಾಫಿಈ(ರ)ರ ನಿಲುವು. ಆದರೆ ಈ ಚರ್ಚೆಯೆಲ್ಲ ಸಾಮರ್ಥ್ಯ ಉಳ್ಳವರ ಕುರಿತಾದದ್ದು. ತ್ವರೆ ಮಾಡಬೇಕಾದವರು ಅವರು. ಸಾಮರ್ಥ್ಯವೇ ಬಾರದವರ ಮೇಲೆ ಕಡ್ಡಾಯವೇ ಬಿದ್ದಿರುವುದಿಲ್ಲ. ಕಡ್ಡಾಯ ಬೀಳದಿದ್ದಾಗ ಬಿಟ್ಟ ಪಾಪವೆಲ್ಲಿಂದ ಬರಬೇಕು?

ಇನ್ನು ಕರೆಯ ವಿಷಯ. ಹಜ್ಜ್‌ನ ಕರೆಯನ್ನು ಕೊಟ್ಟವರು ಹಝ್ರತ್ ಇಬ್ರಾಹೀಮ್(ಅ). ಅಲ್ಲಾಹನ ಆಜ್ಞೆಯಂತೆ ಅವರು ಅದನ್ನು ಸಕಲ ಮಾನವರಿಗೂ ಸಾರಿದರು. ಆ ಕರೆ ಕುರ್ರಾದಲ್ಲಿ ಹೆಸರು ಬಂದವರಿಗೂ ಬಾರದವರಿಗೂ ಒಂದೇ. ಅದಕ್ಕೆ ಜನವರಿ 23ರ ಗಡುವಿಲ್ಲ. ಇ-ಮೇಲ್ ತಂದದ್ದು ಸೀಮಿತ ಸ್ಥಾನಗಳನ್ನು ನ್ಯಾಯವಾಗಿ ಹಂಚಲು ಮಾಡಿಕೊಂಡ ಒಂದು ಏರ್ಪಾಡಿನ ಸೂಚನೆಯನ್ನು. ಏರ್ಪಾಡಿನ ಸೂಚನೆಯನ್ನೇ ಅಲ್ಲಾಹನ ಆಜ್ಞೆಯೆಂದು ಭಾವಿಸಿದರೆ, ಮಿತಿ ಮೀರಿ ಸಾಲ ಮಾಡುವುದು ಭಕ್ತಿಯಂತೆಯೂ, ಲೆಕ್ಕ ನೋಡಿ ಹಿಂದೆ ಸರಿಯುವುದು ಧಿಕ್ಕಾರದಂತೆಯೂ ಕಾಣತೊಡಗುತ್ತದೆ.

ಹಿಜರಿ 6ನೆಯ ವರ್ಷದಲ್ಲಿ ಪ್ರವಾದಿವರ್ಯರು(ಸ) ಮತ್ತು ಅವರ ಸಂಗಾತಿಗಳು ಇಹ್ರಾಮ್ ಧರಿಸಿ, ಬಲಿಯ ಒಂಟೆಗಳೊಂದಿಗೆ ಮಕ್ಕಾದ ಸಮೀಪ ಹುದೈಬಿಯಾದವರೆಗೆ ಬಂದಿದ್ದರು. ಕಅಬಾ ಇನ್ನೇನು ಹತ್ತಿರದಲ್ಲೇ ಇತ್ತು. ಒಪ್ಪಂದದ ಪ್ರಕಾರ ಆ ವರ್ಷ ಉಮ್ರಾ ಮಾಡದೆ ಹಿಂದಿರುಗಬೇಕಾಯಿತು. ಸಂಗಾತಿಗಳ ಮನಸ್ಸಿಗೆ ಆ ಮರಳುವಿಕೆ ಎಷ್ಟು ಭಾರವಾಯಿತೆಂಬುದನ್ನು ಸೀರತ್ ಗ್ರಂಥಗಳು ದಾಖಲಿಸಿವೆ. ಆದರೂ ಅಲ್ಲೇ ಬಲಿ ನೀಡಿ, ತಲೆ ಬೋಳಿಸಿಕೊಂಡು ಮರಳಿದರು. ಮರುವರ್ಷ ಬಂದು ಉಮ್ರಾ ನೆರವೇರಿಸಿದರು. ದಾರಿ ತೆರೆಯದಿದ್ದಾಗ ಶಿಸ್ತಿನಿಂದ ಮರಳುವುದೂ ವಿಧೇಯತೆಯೇ ಎಂದು ಆ ಹಿರಿಯರಿಗೆ ಹೇಳಿದೆವು. ಅವರು ಕಣ್ಣೊರೆಸಿಕೊಂಡರು. ಹೆಚ್ಚು ಮಾತು ಆಗಲಿಲ್ಲ.

ಹೇಗೂ ಮೊದಲ ಹಣ ಕಟ್ಟಿಬಿಡೋಣ, ಮುಂದಿನದನ್ನು ಆಮೇಲೆ ನೋಡೋಣ ಎನ್ನುವವರು ಅನೇಕರಿದ್ದಾರೆ. ಇದರಲ್ಲಿ ಎರಡು ನಷ್ಟಗಳಿವೆ. ಹಣ ಕಟ್ಟಿ ಆಮೇಲೆ ರದ್ದು ಮಾಡಿದರೆ ಸಮಿತಿಯು ರದ್ದತಿಯ ಶುಲ್ಕವನ್ನು ಮುರಿದುಕೊಳ್ಳುತ್ತದೆ. ಯಾತ್ರೆ ಹತ್ತಿರವಾದಷ್ಟೂ ಅದು ಏರುತ್ತದೆ. ಇದು ನಮ್ಮ ನಷ್ಟ. ಇನ್ನೊಂದು, ಪಟ್ಟಿಯಲ್ಲಿ ನಮ್ಮ ಕೆಳಗಿರುವವರ ನಷ್ಟ. ಗಡುವಿನೊಳಗೆ ಹಣ ಬಾರದ ಸ್ಥಾನ ಆಗಲೇ ಮುಂದಿನ ಸಂಖ್ಯೆಯವರಿಗೆ ಹೋಗುತ್ತದೆ. ನಾವು ಹಿಡಿದಿಟ್ಟು, ಮೂರನೆಯ ಕಂತು ಹೊಂದದೆ ಏಪ್ರಿಲ್‌ನಲ್ಲಿ ಬಿಟ್ಟರೆ, ಅದು ಅವರಿಗೆ ಇನ್ನೂ ತಡವಾಗಿ, ಇನ್ನೂ ಚಿಕ್ಕ ಗಡುವಿನೊಂದಿಗೆ ತಲುಪುತ್ತದೆ. ಕೆಲವೊಮ್ಮೆ ಯಾರಿಗೂ ತಲುಪದೆ ವ್ಯರ್ಥವಾಗಲೂಬಹುದು. ನಮಗೆ ಬಂದ ಸ್ಥಾನ ಹೀಗೆಯೇ ಮತ್ತೊಬ್ಬರು ಬಿಟ್ಟದ್ದು ಎಂಬುದನ್ನು ಮರೆಯಬಾರದು. ಅದು ನಮ್ಮ ಕೈಯಲ್ಲಿ ಕೆಲವು ದಿನಗಳ ಅಮಾನತ್.

ಆ ದಂಪತಿಗಳು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. 3,80,000 ರೂಪಾಯಿಯನ್ನು ಬೇರೆಯದಾಗಿ ತೆಗೆದಿರಿಸಿದರು. ತಮ್ಮನ ಸಾಲವನ್ನು ಅದೇ ತಿಂಗಳು ತೀರಿಸಿದರು. ಮಗ ಕೊಡಬೇಕೆಂದಿದ್ದ 40,000ವನ್ನೂ ಅದರೊಂದಿಗೆ ಸೇರಿಸಿದರು. ಮುಂದಿನ ಅರ್ಜಿಯ ಹೊತ್ತಿಗೆ ಅವರ ಕೊರತೆ ಎಷ್ಟೆಂಬುದು ಅವರಿಗೆ ರೂಪಾಯಿಗಳಲ್ಲಿ ಗೊತ್ತಿದೆ. ವರ್ಷಗಟ್ಟಲೆ ಹಜ್ಜ್‌ನ ಆಸೆ ಹೊತ್ತಿದ್ದರೂ, ಅದನ್ನು ಸಂಖ್ಯೆಯಾಗಿ ನೋಡಿದ್ದು ಇದೇ ಮೊದಲು ಎಂದು ತಂದೆ ನಮಗೆ ಹೇಳಿದರು.

ಇದರಿಂದ ಉಳಿದವರು ತಿಳಿಯಬೇಕಾದದ್ದು ಒಂದು ಮಾತಿನಲ್ಲಿದೆ: ಈ ಲೆಕ್ಕವನ್ನು ಇ-ಮೇಲ್ ಬಂದ ಮೇಲೆ ಅಲ್ಲ, ಅರ್ಜಿ ಹಾಕುವ ದಿನವೇ ಮಾಡಬೇಕು. ಒಂದು ಹಾಳೆಯಲ್ಲಿ ಯಾತ್ರೆಯ ಪೂರ್ತಿ ವೆಚ್ಚ, ಇರುವ ಸಾಲ, ಮನೆಯಲ್ಲಿ ಉಳಿಯುವವರ ಖರ್ಚು, ಗಂಡ ಮತ್ತು ಹೆಂಡತಿಯ ಹಣ ಬೇರೆಬೇರೆಯಾಗಿ, ಇಷ್ಟನ್ನು ಬರೆದಿಟ್ಟರೆ, ಕರೆ ಬಂದ ದಿನ ಹೌದು ಅಥವಾ ಇಲ್ಲ ಎನ್ನಲು ಒಂದು ಗಂಟೆ ಸಾಕು. ಹಣವಿದ್ದರೆ ಅದು ಕೂಡಲೇ ಕೈಗೆ ಬರುವಂತಿರಬೇಕು. ಕೊಟ್ಟ ಕೈಸಾಲದಲ್ಲೋ, ಎತ್ತದ ಚೀಟಿಯಲ್ಲೋ, ಮಾರದ ಭತ್ತದಲ್ಲೋ ಇರುವ ಹಣ ಒಂಬತ್ತು ದಿನಗಳಲ್ಲಿ ಬ್ಯಾಂಕಿಗೆ ನಡೆದು ಬರುವುದಿಲ್ಲ. ಅರ್ಜಿಯಲ್ಲಿ ಕೊಡುವ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಮನೆಯವರದ್ದೇ ಆಗಿರಬೇಕು. ಅರ್ಜಿ ತುಂಬಿಕೊಡುವ ಅಂಗಡಿಯವರ ವಿಳಾಸ ಕೊಟ್ಟವರಿಗೆ ಸ್ಥಾನ ಬಂದದ್ದೂ ಹೋದದ್ದೂ ತಿಳಿಯದೇ ಹೋಗಬಹುದು. ಕುರ್ರಾ ಮುಗಿದ ನಂತರವೂ ವಾರಕ್ಕೊಮ್ಮೆ ಸಮಿತಿಯ ಜಾಲತಾಣದಲ್ಲಿ ಕವರ್ ಸಂಖ್ಯೆಯನ್ನು ಹಾಕಿ ನೋಡುತ್ತಿರಬೇಕು.

ಹಾಳೆಯ ಲೆಕ್ಕ ಕೂಡಿಬಂದು, ಸಾಮರ್ಥ್ಯ ಖಚಿತವಾಗಿದ್ದರೆ ಹಿಂಜರಿಯಬಾರದು. ಮಗಳ ಮದುವೆ ಮುಗಿಯಲಿ, ಮೇಲಿನ ಮಹಡಿ ಏಳಲಿ ಎಂದು ತೆರೆದ ಬಾಗಿಲಿನ ಮುಂದೆ ನಿಲ್ಲುವವರಿಗೆ ಮೇಲೆ ಹೇಳಿದ ಯಾವ ರಿಯಾಯಿತಿಯೂ ಇಲ್ಲ. ಅಂಥವರು ಬ್ಯಾಂಕ್ ತೆರೆಯುವ ಮೊದಲ ದಿನವೇ ಹಣ ಕಟ್ಟಿ, ರಸೀದಿಯಲ್ಲಿ ತಮ್ಮ ಕವರಿನ ಉಲ್ಲೇಖ ಸಂಖ್ಯೆ ಸರಿಯಾಗಿದೆಯೇ ಎಂದು ಅಲ್ಲೇ ನಿಂತು ಓದಿ ನೋಡಬೇಕು. ಲೆಕ್ಕ ಕೂಡದಿದ್ದರೆ ಸ್ಥಾನವನ್ನು ಬಿಡಬೇಕು, ಪಟ್ಟಿಯಲ್ಲಿ ತಮ್ಮ ನಂತರದ ಸಂಖ್ಯೆಯಲ್ಲಿರುವ, ತಮಗೆ ಪರಿಚಯವೇ ಇಲ್ಲದ ಆ ಮನೆಯವರಿಗಾಗಿ ಒಂದು ದುಆ ಮಾಡಬೇಕು. ಅಲ್ಲಾಹನು ಅವರ ಹಜ್ಜನ್ನು ಸ್ವೀಕರಿಸಲಿ, ಬಿಟ್ಟುಕೊಟ್ಟವರಿಗೆ ಹಲಾಲ್ ಸಂಪಾದನೆಯಿಂದ ಆ ದಾರಿಯನ್ನು ತೆರೆಯಲಿ. ಆಮೀನ್.